ಕಪಾಟಿನ ಫೋಟೊ ನೋಡಿ ವ್ಯಾಯಾಮದ ಸಾಮಾನು ಗುರುತಿಸುವ ಆ್ಯಪ್: ಒಂದು ವರ್ಷದ ಬಳಕೆಯ ನಂತರ

ಐದಕ್ಕೆ ಮೂರು ಸ್ಟಾರ್. ಕಪಾಟಿನ ಬಾಗಿಲು ತೆಗೆದು ಒಂದೇ ಫೋಟೊ ಹೊಡೆದರೆ ಒಳಗಿರುವುದನ್ನೆಲ್ಲ ಹೆಸರಿಸುತ್ತದೆ ಅಂದುಕೊಂಡು ಇಳಿಸಿಕೊಳ್ಳಬೇಡಿ. ಒಂದು ಶೆಲ್ಫಿಗೆ ಒಂದು ಫೋಟೊ ತೆಗೆದರೆ ಮಾತ್ರ ಕೆಲಸಕ್ಕೆ ಬರುತ್ತದೆ.

ಹೆಚ್ಚು ಎಡವುವುದು ಸ್ಕಿಪ್ಪಿಂಗ್ ಹಗ್ಗ ಮತ್ತು ಹಿಡಿ ಇರುವ ಟ್ಯೂಬ್ ಬ್ಯಾಂಡಿನ ನಡುವೆ. ಎರಡನ್ನೂ ಸುತ್ತಿಟ್ಟರೆ ಕಾಣುವುದು ಒಂದೇ: ಬಣ್ಣದ ಸುರುಳಿ, ಎರಡು ಕಪ್ಪು ಹಿಡಿ. ವ್ಯತ್ಯಾಸ ಇರುವುದೆಲ್ಲ ಹಿಡಿಯಲ್ಲೇ. ಹಗ್ಗದ ಹಿಡಿ ಗಟ್ಟಿ ಕೋಲು. ಹಗ್ಗ ಅದರ ತುದಿಯಿಂದ ನೇರವಾಗಿ ಹೊರಬರುತ್ತದೆ. ಬ್ಯಾಂಡಿನ ಹಿಡಿಯಲ್ಲಿ ಫೋಮಿನ ಕೊಳವೆಯೊಳಗಿಂದ ಪಟ್ಟಿ ಹಾದು ತ್ರಿಕೋನವಾಗುತ್ತದೆ. ರಬ್ಬರ್ ಟ್ಯೂಬು ಆ ತ್ರಿಕೋನದ ಮೂಲೆಗೆ ಸಿಕ್ಕಿಕೊಂಡಿರುತ್ತದೆ. ಹಿಡಿಗಳು ಸುರುಳಿಯ ಅಡಿ ಮುಚ್ಚಿಹೋದರೆ ಆ್ಯಪ್ ಸಾಮಾನ್ಯವಾಗಿ ಹಗ್ಗ ಎಂದೇ ಹೇಳುತ್ತದೆ. ಸುರುಳಿ ಬಿಚ್ಚುವುದು ಬೇಡ, ಹಿಡಿಗಳನ್ನು ಮೇಲಕ್ಕೆಳೆದು ಮತ್ತೆ ತೆಗೆದರೆ ಸಾಕು. ಈ ತಪ್ಪನ್ನು ಹಾಗೇ ಬಿಡಬಾರದು. ಪ್ಲಾಸ್ಟಿಕ್ ಹಗ್ಗವನ್ನು ಕಾಲಡಿ ಹಾಕಿ ಬ್ಯಾಂಡಿನಂತೆ ಎಳೆದರೆ ಅದು ಅಷ್ಟು ಹಿಗ್ಗುವುದಿಲ್ಲ, ಹಿಡಿಯೊಳಗಿನ ಗಂಟು ಕಿತ್ತು ಬರಬಹುದು.

ಕೆಟಲ್‌ಬೆಲ್ ಪಕ್ಕದಿಂದ ಕಂಡರೆ ತಪ್ಪುವುದೇ ಇಲ್ಲ ಅನ್ನಬಹುದು. ಆದರೆ ಅದು ಇರುವುದು ಕೆಳಗಿನ ಶೆಲ್ಫಿನಲ್ಲಿ, ನಾವು ಫೋಟೊ ತೆಗೆಯುವುದು ನಿಂತುಕೊಂಡು. ಮೇಲಿನಿಂದ ನೋಡಿದರೆ ಹಿಡಿ ಗುಂಡಿನ ಮೇಲೇ ಬಿದ್ದಂತೆ ಕಂಡು, ಬರೀ ಕಪ್ಪು ಚೆಂಡಾಗುತ್ತದೆ. ಬಗ್ಗಿ, ಫೋನನ್ನು ಅದರ ಮಟ್ಟಕ್ಕೆ ಹಿಡಿಯಿರಿ. ಹಿಡಿ ಮತ್ತು ಗುಂಡಿನ ನಡುವಿನ ಸಂದು ಕಾಣಬೇಕು.

ತೂಕದ ವಿಷಯದಲ್ಲಿ ಆ್ಯಪ್ ಹೇಳಿದ್ದನ್ನು ನೆಚ್ಚಬೇಡಿ. ಎರಕದ ಕಬ್ಬಿಣದ್ದು ತೂಕ ಹೆಚ್ಚಿದಂತೆ ದಪ್ಪವಾಗುತ್ತದೆ, ಆದರೆ ಸ್ಪರ್ಧೆಯ ಸ್ಟೀಲ್ ಕೆಟಲ್‌ಬೆಲ್ 8 ಕೆಜಿಯದ್ದಾದರೂ 32 ಕೆಜಿಯದ್ದಾದರೂ ಒಂದೇ ಗಾತ್ರ. ಅದಕ್ಕೆ ಬಣ್ಣವೇ ಗುರುತು: 16 ಹಳದಿ, 24 ಹಸಿರು, 32 ಕೆಂಪು. ಮೇಲೆ ಬರೀ 35 ಎಂದಿದ್ದರೆ ಅದು ಪೌಂಡ್ ಆಗಿರುವ ಸಾಧ್ಯತೆಯೇ ಹೆಚ್ಚು, ಅಂದರೆ ಸುಮಾರು 16 ಕೆಜಿ. ಆ್ಯಪ್ ಅದನ್ನು 35 ಕೆಜಿ ಎಂದು ಪಟ್ಟಿಗೆ ಸೇರಿಸುತ್ತದೆ! ಸಂದೇಹವಿದ್ದರೆ ಮನೆಯ ತೂಕದ ಯಂತ್ರದ ಮೇಲಿಟ್ಟು, ಸಂಖ್ಯೆಯನ್ನು ಕೈಯಾರೆ ತಿದ್ದಿ.

ಆ್ಯಬ್ ರೋಲರ್‌ಗೆ ಎರಡೂ ಹಿಡಿ ಸಿಕ್ಕಿಸಿರಬೇಕು, ಇಲ್ಲವಾದರೆ ಅದು ಆಟಿಕೆ ಗಾಡಿಯ ಚಕ್ರ. ಪಕ್ಕದಿಂದ ತೆಗೆದರೆ ಹಿಡಿಗಳಿದ್ದರೂ ಅದೇ ಫಲ.

ಚಪ್ಪಟೆ ಲೂಪ್ ಬ್ಯಾಂಡುಗಳನ್ನು ಒಂದರ ಮೇಲೊಂದು ಪೇರಿಸಿದರೆ ಮೂರು ಇದ್ದರೂ ಒಂದೇ ಎಣಿಕೆಯಾಗುತ್ತದೆ. ಬಿಡಿಸಿ ಇಡಿ. ಬಣ್ಣ ನೋಡಿ ಆ್ಯಪ್ ಹೇಳುವ 'ಹಗುರ', 'ಭಾರಿ' ಎಂಬುದಕ್ಕೂ ಅರ್ಥವಿಲ್ಲ. ಕಂಪನಿಯಿಂದ ಕಂಪನಿಗೆ ಬಣ್ಣ ಬದಲು. ಒಂದೇ ಸೆಟ್ಟಿನೊಳಗೆ ಅಗಲವಾದದ್ದು ಹೆಚ್ಚು ಬಿಗಿ, ಅಷ್ಟೇ. ಹಳೆಯ ಲೇಟೆಕ್ಸಿನ ಸಣ್ಣ ಬಿರುಕು ಫೋಟೊದಲ್ಲಿ ಕಾಣುವುದೇ ಇಲ್ಲ; ಬೆಳಕಿಗೆ ಹಿಡಿದು, ತುಸು ಎಳೆದು ನೋಡಿದರೆ ಗೊತ್ತಾಗುತ್ತದೆ.