ಹೊಸ ಅಕ್ಕಿ, ಹಳೆ ಅಕ್ಕಿ, ಸ್ಟೀಮ್ ಅಕ್ಕಿ: ಒಂದು ತಟ್ಟೆ ಅನ್ನಕ್ಕೆ ಎಷ್ಟು ಬೀಳುತ್ತೆ?

ಅಕ್ಕಿ ಅಂಗಡಿಯಲ್ಲಿ ನಾವು ನೋಡುವುದು ಕಿಲೋ ರೇಟು. ತಿನ್ನುವುದು ಮಾತ್ರ ಅನ್ನ. ಹಳೆ ಅಕ್ಕಿಗೆ ಹತ್ತು–ಹನ್ನೆರಡು ರೂಪಾಯಿ ಜಾಸ್ತಿ ಯಾಕೆ ಅಂದರೆ ಅಂಗಡಿಯವರ ಉತ್ತರ ಒಂದೇ: "ಚೆನ್ನಾಗಿ ಒದಗುತ್ತೆ ಸರ್." ಎಷ್ಟು ಒದಗುತ್ತೆ ಅಂತ ತೂಕ ಹಾಕಿಯೇ ನೋಡೋಣ ಅನಿಸಿತು.

ತಗೊಂಡಿದ್ದು ಮೂರು ಬಗೆ, ಮೂರೂ ಸೋನಾ ಮಸೂರಿ. ಈ ಸಲದ ಹೊಸ ಅಕ್ಕಿ ಕಿಲೋಗೆ 56 ರೂಪಾಯಿ. ಒಂದು ವರ್ಷ ದಾಟಿದ ಹಳೆ ಅಕ್ಕಿ 68. ಸ್ಟೀಮ್ ಅಕ್ಕಿ 58. ನಿಮ್ಮೂರಲ್ಲಿ ರೇಟು ಬೇರೆ ಇರಬಹುದು, ಲೆಕ್ಕ ಮಾಡುವ ರೀತಿ ಅದೇ.

ಪ್ರತಿಯೊಂದರಲ್ಲೂ 250 ಗ್ರಾಂ ತೂಗಿ, ತೊಳೆದು, ಅದೇ ಕುಕ್ಕರಿನಲ್ಲಿ ಬೇಯಿಸಿದೆ. ನೀರು ಮಾತ್ರ ಒಂದೇ ಅಳತೆಯಲ್ಲ. ಹೊಸ ಅಕ್ಕಿಗೆ ಒಂದು ಲೋಟಕ್ಕೆ ಎರಡು ಲೋಟ ನೀರು ಸಾಕು, ಮೇಲೆ ಅರ್ಧ ಲೋಟ ಹಾಕಿದರೆ ಮುದ್ದೆ. ಹಳೆಯದಕ್ಕೆ ಎರಡೂವರೆ ಬೇಕೇ ಬೇಕು, ಇಲ್ಲದಿದ್ದರೆ ನಡುವೆ ಗಟ್ಟಿ ಕಾಳು ಉಳಿಯುತ್ತೆ. ಸ್ಟೀಮ್ ಅಕ್ಕಿಗೆ ಅದಕ್ಕಿಂತ ಚೂರು ಕಡಿಮೆ. ಎಲ್ಲಕ್ಕೂ ಒಂದೇ ನೀರು ಹಾಕಿ ಹೋಲಿಸಿದರೆ ಯಾವುದೋ ಒಂದಕ್ಕೆ ಅನ್ಯಾಯ ಆಗುತ್ತೆ.

ಹೊಸ ಅಕ್ಕಿಯ ಅನ್ನ 800 ಗ್ರಾಂ ಬಂತು. ಹಳೆಯದು 950, ಸ್ಟೀಮ್ 900. ಒಂದು ತಟ್ಟೆಗೆ 200 ಗ್ರಾಂ ಅನ್ನ ಅಂತ ಇಟ್ಟುಕೊಳ್ಳಿ. ಒಂದು ಕಿಲೋ ಹೊಸ ಅಕ್ಕಿಯಲ್ಲಿ 16 ತಟ್ಟೆ ಆಗುತ್ತೆ, ತಟ್ಟೆಗೆ ಮೂರೂವರೆ ರೂಪಾಯಿ. ಹಳೆ ಅಕ್ಕಿಯಲ್ಲಿ 19 ತಟ್ಟೆ, ತಲಾ 3 ರೂಪಾಯಿ 58 ಪೈಸೆ. ಕಿಲೋದಲ್ಲಿ ಹನ್ನೆರಡು ರೂಪಾಯಿ ಇದ್ದ ವ್ಯತ್ಯಾಸ ತಟ್ಟೆಗೆ ಬರುವಾಗ ಎಂಟು ಪೈಸೆ! ಸ್ಟೀಮ್ ಅಕ್ಕಿ 18 ತಟ್ಟೆ ಕೊಟ್ಟು 3 ರೂಪಾಯಿ 22 ಪೈಸೆಗೆ ನಿಂತಿತು.

ಇಲ್ಲಿಗೆ ಲೆಕ್ಕ ಮುಗೀತು ಅಂದುಕೊಳ್ಳಬೇಡಿ. ಆ ಹೆಚ್ಚಿನ 150 ಗ್ರಾಂ ಏನು? ಹೆಚ್ಚುಕಮ್ಮಿ ನೀರೇ. ಅಕ್ಕಿ ಹಳೆಯದಾದಂತೆ ಕಾಳಿನ ಪಿಷ್ಟ, ಪ್ರೋಟೀನು ಬಿಗಿಯಾಗುತ್ತವೆ. ಬೇಯುವಾಗ ಕಾಳು ಒಡೆದು ಗಂಜಿ ಬಿಡುವುದಿಲ್ಲ, ನೀರು ಹೀರಿ ಅರಳುತ್ತೆ. ಹೊಸ ಕಾಳು ಮೆತ್ತಗೆ, ಬೇಗ ಗಂಜಿ ಬಿಟ್ಟು ಅಂಟಿಕೊಳ್ಳುತ್ತೆ. ಹಳೆಯದರಲ್ಲಿ ತೇವ ಕಡಿಮೆ ಇರುವುದರಿಂದ ಕಿಲೋಗೆ ಒಂದಿಷ್ಟು ಗ್ರಾಂ ನಿಜವಾದ ಅಕ್ಕಿಯೂ ಜಾಸ್ತಿ ಸಿಗುತ್ತೆ, ಆದರೆ ಅದು ಅಲ್ಪ. ಅಂದರೆ ಹಳೆ ಅಕ್ಕಿಯ ತಟ್ಟೆಯಲ್ಲಿ ಅಕ್ಕಿ ಸುಮಾರು 53 ಗ್ರಾಂ, ಹೊಸದರ ತಟ್ಟೆಯಲ್ಲಿ 62. ಹೊಟ್ಟೆಗೆ ಇದು ಗೊತ್ತಾಗದೇ ಇರುತ್ತಾ?

ಅದಕ್ಕೇ ಇನ್ನೊಂದು ಬಗೆಯಲ್ಲೂ ನೋಡಿದೆ. ಬಡಿಸುವಾಗ ಅಳತೆ ಇಲ್ಲ, ಹೊಟ್ಟೆ ತುಂಬುವಷ್ಟು ತಿನ್ನಿ ಅಂತ. ನಾಲ್ಕು ಜನರ ರಾತ್ರಿ ಊಟಕ್ಕೆ ಹೊಸದು 300 ಗ್ರಾಂ ಅಕ್ಕಿ ಖರ್ಚಾಯಿತು, ಹಳೆಯದು 270, ಸ್ಟೀಮ್ 280. ಅಪ್ಪ ಯಾವ ಅಕ್ಕಿಯಾದರೂ ಎರಡೇ ಸೌಟು, ಮಗ ಮಾತ್ರ ಹಳೆ ಅಕ್ಕಿ ಅನ್ನವನ್ನು ಮೂರನೇ ಸಲ ಹಾಕಿಸಿಕೊಂಡ. ಈ ಲೆಕ್ಕದಲ್ಲಿ ಊಟಕ್ಕೆ ಹೊಸದು 16.80 ರೂಪಾಯಿ, ಹಳೆಯದು 18.36, ಸ್ಟೀಮ್ 16.24. ಹಳೆ ಅಕ್ಕಿ ಒದಗುತ್ತೆ ಅನ್ನೋದು ನಿಜ, ಅದರ ಬೆಲೆಯಷ್ಟು ಒದಗಲ್ಲ. ಅಳೆದು ಬಡಿಸುವ ಮೆಸ್ಸು, ಹೋಟೆಲಿನವರಿಗೆ ಮೊದಲ ಲೆಕ್ಕ ಹೊಂದುತ್ತೆ. ಮನೆಯವರಿಗೆ ಎರಡನೆಯದು.

ರುಚಿಯ ಮಾತು ಬೇರೆ. ಚಿತ್ರಾನ್ನ, ಪುಳಿಯೋಗರೆಗೆ ಉದುರುದುರಾದ ಹಳೆ ಅಕ್ಕಿಯೇ ಚೆಂದ. ಬಿಸಿಬೇಳೆ ಬಾತ್, ಪೊಂಗಲ್, ಮೊಸರನ್ನಕ್ಕೆ ಹಳೆ ಅಕ್ಕಿಯ ದುಡ್ಡು ದಂಡ. ಸ್ಟೀಮ್ ಅಕ್ಕಿ ಎಂದರೆ ಭತ್ತಕ್ಕೆ ಮೊದಲೇ ಹಬೆ ಕೊಟ್ಟು ಆಮೇಲೆ ಗಿರಣಿಗೆ ಹಾಕಿದ್ದು. ಹಾಗಾಗಿ ಹೊಸದಿದ್ದರೂ ಅಷ್ಟಾಗಿ ಅಂಟುವುದಿಲ್ಲ. ನಮ್ಮ ಮನೆಯ ಸಾರು ಅನ್ನಕ್ಕೆ ಅದು ಚೂರು ಸಪ್ಪೆ ಅನ್ನಿಸಿತು, ಆದರೂ ದಿನಬಳಕೆಗೆ ನನ್ನ ಓಟು ಅದಕ್ಕೇ.

ಹಳೆಯದು ಅಂತ ಹೊಸದನ್ನು ಬೆರೆಸಿ ಕೊಡುವುದೂ ಉಂಟು. ಅಂಗೈಗೆ ಒಂದು ಹಿಡಿ ಹಾಕಿ ನೋಡಿ. ಹಳೆಯದಕ್ಕೆ ತಿಳಿ ಹಳದಿ ಛಾಯೆ ಇರುತ್ತೆ, ಹಲ್ಲಲ್ಲಿ ಕಡಿದರೆ ಟಕ್ಕಂತ ಮುರಿಯುತ್ತೆ. ಹೊಸದು ಬೆಳ್ಳಗೆ, ಕಡಿದರೆ ಪುಡಿಯಾಗುತ್ತೆ. ಬಣ್ಣವೊಂದನ್ನೇ ನಂಬಬೇಡಿ, ಪಾಲಿಶ್ ಹೆಚ್ಚಾದರೆ ಹಳೆಯದೂ ಬೆಳ್ಳಗಾಗುತ್ತೆ. ಬೇಯಿಸಿದಾಗ ಕೆಲವು ಕಾಳು ಅರಳಿ, ಕೆಲವು ಒಡೆದು ಅಂಟಿಕೊಂಡರೆ ಬೆರಕೆ ಇರಬಹುದು. ನುಚ್ಚನ್ನೂ ನೋಡಿ. ನುಚ್ಚು ಜಾಸ್ತಿ ಇದ್ದರೆ ಎಷ್ಟು ಹಳೆಯದಾದರೂ ಅನ್ನ ಮೆತ್ತಗಾಗುತ್ತೆ.

ಇನ್ನು ಚೀಲ. 2022ರ ಜುಲೈನಿಂದ 25 ಕಿಲೋವರೆಗಿನ ಪ್ಯಾಕ್ ಅಕ್ಕಿಗೆ ಶೇ 5 ಜಿಎಸ್‌ಟಿ ಬಿತ್ತು. ಅದನ್ನು ತಪ್ಪಿಸಲೆಂದೇ 26 ಕಿಲೋ ಚೀಲಗಳು ಬಂದವು. ಹಾಗಾಗಿ ಚೀಲದ ಬೆಲೆಯನ್ನು 25ರಿಂದಲ್ಲ, 26ರಿಂದ ಭಾಗಿಸಿ. ಹೊಸ ಅಕ್ಕಿ ತಂದು ಮನೆಯಲ್ಲೇ ಹಳೆಯದು ಮಾಡ್ತೀನಿ ಅಂದರೆ ಒಂದು ಚೀಲಕ್ಕೆ ಉಳಿಯುವುದು ಮುನ್ನೂರು ಚಿಲ್ಲರೆ ರೂಪಾಯಿ. ಅಷ್ಟಕ್ಕೆ ವರ್ಷಪೂರ್ತಿ ಹುಳ ಕಾಯಬೇಕು, ಮಳೆಗಾಲದ ತೇವ ತಾಗದ ಹಾಗೆ ಇಡಬೇಕು.