ಐದು ವರ್ಷ ಬಳಸಿದ ಕಮೋಡ್: ಮೊದಲ ಏಳು ತಿಂಗಳ ತೊಂದರೆ ಕಮೋಡಿನದ್ದಲ್ಲ

ಮಂಡ್ಯದ ನಮ್ಮ ಮನೆಯಲ್ಲಿ ಇದ್ದದ್ದು ಇಂಡಿಯನ್ ಕಕ್ಕಸು. ಅಮ್ಮನಿಗೆ ಮಂಡಿನೋವು ಜಾಸ್ತಿಯಾಗಿ ಕೂತರೆ ಏಳಲು ಆಗದಂತಾದಾಗ ಅದನ್ನು ಕೀಳಿಸಿ ಕಮೋಡ್ ಹಾಕಿಸಿದೆವು. ನೆಲಕ್ಕೆ ಕೂರುವ ಕಮೋಡ್, ಅದರ ಬೆನ್ನ ಮೇಲೆಯೇ ಫ್ಲಶ್ ಟ್ಯಾಂಕ್, ಕೆಳಗೆ ನೆಲದೊಳಕ್ಕೆ ಇಳಿಯುವ ಎಸ್ ಟ್ರ್ಯಾಪ್. ಅದೇ ಕಮೋಡು ಇವತ್ತಿಗೂ ಇದೆ, ಚೆನ್ನಾಗಿಯೇ ಇದೆ. ಆದರೆ ಮೊದಲ ಏಳು ತಿಂಗಳು ನಾವು ಅದನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಹಳೇ ಕಕ್ಕಸು ತೆಗೆದು ಕಮೋಡ್ ಹಾಕಿಸುವವರಿಗೆ ಉಪಯೋಗವಾಗಲಿ ಅಂತ ಆ ಏಳು ತಿಂಗಳ ಕಥೆಯನ್ನೇ ಮುಖ್ಯವಾಗಿ ಬರೆಯುತ್ತಿದ್ದೇನೆ.

ಫ್ಲಶ್ ಒತ್ತಿದರೆ ನೀರು ಮೊದಲು ಮೇಲಕ್ಕೆ ಏರುತ್ತಿತ್ತು. ಅಂಚಿನ ಹತ್ತಿರ ಬಂದು ನಿಂತು, ಗುಳುಗುಳು ಅಂತ ಸದ್ದು ಮಾಡಿ, ಆಮೇಲೆ ನಿಧಾನಕ್ಕೆ ಇಳಿಯುತ್ತಿತ್ತು. ಒಂದು ಸಲಕ್ಕೆ ಹೋಗದೆ ಎರಡು ಮೂರು ಸಲ ಒತ್ತಬೇಕು. ಜೊತೆಗೆ ಅಮ್ಮನ ದೂರು ಬೇರೆ: "ಕುಂತ್ಕಂಡ್ರೆ ಅಲ್ಲಾಡ್ತದೆ ಕಣಪ್ಪಾ, ಬಿದ್ದೋಯ್ತೀನೇನೋ ಅಂತ ಭಯ ಆಯ್ತದೆ." ಹಾಕಿದವರನ್ನು ಕರೆದರೆ ಕಮೋಡಿನ ಡಿಸೈನೇ ಹಂಗೆ, ನೀರು ಜಾಸ್ತಿ ಬಿಡಿ ಅಂದರು. ಟ್ಯಾಂಕಿನಲ್ಲಿ ನೀರಿನ ಮಟ್ಟ ಏರಿಸಿ ನೋಡಿದೆವು. ಇನ್ನಷ್ಟು ಮೇಲಕ್ಕೆ ಏರಿತು ಅಷ್ಟೇ.

ಏಳನೇ ತಿಂಗಳಿಗೆ ಪರಿಚಯದವರು ಇನ್ನೊಬ್ಬ ಪ್ಲಂಬರನ್ನು ಕಳಿಸಿದರು. ಅವರು ಕಮೋಡ್ ಬಿಚ್ಚಿ ಪಕ್ಕಕ್ಕಿಟ್ಟು, ನೆಲದ ಪೈಪಿನೊಳಕ್ಕೆ ಟಾರ್ಚ್ ಬಿಟ್ಟು ನನ್ನನ್ನು ಕರೆದರು. ಒಳಗೆ ಒಂದು ಅಡಿ ಆಳದಲ್ಲಿ ನೀರು ಮಿಣುಗುತ್ತಿತ್ತು. "ಇದ್ಕೆ ಎರಡು ಟ್ರ್ಯಾಪ್ ಕೊಟ್ಬುಟ್ಟವ್ರೆ ಸಾ, ಹೆಂಗೆ ಹೋದಾತು?" ಅಂದರು.

ವಿಷಯ ಇಷ್ಟು. ಇಂಡಿಯನ್ ಕಕ್ಕಸಿನ ಬೇಸಿನ್ನಿಗೆ ಟ್ರ್ಯಾಪ್ ಬೇರೆಯಾಗಿ ಬರುತ್ತದೆ, ಅದನ್ನು ನೆಲದೊಳಗೆ ಹುದುಗಿಸಿರುತ್ತಾರೆ. ಟ್ರ್ಯಾಪ್ ಅಂದರೆ ಬಗ್ಗಿದ ಕೊಳವೆ. ಅದರ ಬಾಗಿನಲ್ಲಿ ಸುಮಾರು 2 ಇಂಚು ನೀರು ಯಾವಾಗಲೂ ನಿಂತು ಚರಂಡಿಯ ನಾತ ಮೇಲೆ ಬಾರದ ಹಾಗೆ ತಡೆಯುತ್ತದೆ. ಕಮೋಡಿನಲ್ಲಿ ಈ ಬಾಗು ಪಿಂಗಾಣಿಯೊಳಗೇ ಇರುತ್ತದೆ. ನಮ್ಮ ಕಣ್ಣಿಗೆ ಕಾಣುವ ನಿಂತ ನೀರು ಅದೇ. ಹಳೇ ಟ್ರ್ಯಾಪ್ ತೆಗೆಯದೆ ಮೇಲೆ ಕಮೋಡ್ ಕೂರಿಸಿದರೆ ಎರಡು ನೀರಿನ ತಡೆಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಫ್ಲಶ್ ನೀರು ಬಂದಾಗ ಆ ಗಾಳಿಗೆ ದಾರಿಯಿಲ್ಲ, ಅದು ನೀರನ್ನು ವಾಪಸ್ ಒತ್ತುತ್ತದೆ. ಗುಳುಗುಳು ಸದ್ದು ಆ ಗಾಳಿಯದು. ದಾಟಿಹೋದ ಮಲವೂ ಕೆಳಗಿನ ಬಾಗಿನಲ್ಲಿ ತಂಗುತ್ತದೆ. ಆದ್ದರಿಂದ ಹೊಸ ಕಮೋಡ್ ಕೂರಿಸುವ ಮೊದಲು ಪೈಪಿನೊಳಗೆ ಟಾರ್ಚ್ ಬಿಟ್ಟು ನೋಡಿ. ನೀರು ಕಂಡರೆ ಕೆಲಸ ನಿಲ್ಲಿಸಿ.

ನೆಲ ಅಗೆದು ಹಳೇ ಟ್ರ್ಯಾಪ್ ತೆಗೆದದ್ದಾಯಿತು. ಕಮೋಡಿನ ಜಾಗದಿಂದ ಹಿಂದಿನ ಚೇಂಬರಿಗೆ 8 ಅಡಿ ದೂರ. ಅಲ್ಲಿಗೆ ಹೊಸದಾಗಿ 110 ಎಂಎಂ ಪಿವಿಸಿ ಪೈಪ್ ಎಳೆದರು. ಇಳಿಜಾರು 40ಕ್ಕೆ 1 ಇಟ್ಟರು. ಅಂದರೆ 96 ಇಂಚು ಉದ್ದಕ್ಕೆ ಹತ್ತಿರ ಹತ್ತಿರ ಎರಡೂವರೆ ಇಂಚು ಇಳಿತ. ಅದನ್ನು ನೋಡಿಕೊಂಡ ರೀತಿ ನನಗೆ ತುಂಬ ಹಿಡಿಸಿತು. 40 ಇಂಚಿನ ನೆಟ್ಟಗಿನ ರೀಪರ್ ಪಟ್ಟಿಯ ಒಂದು ತುದಿಯ ಅಡಿಗೆ 1 ಇಂಚು ದಪ್ಪದ ಮರದ ತುಂಡು ಕಟ್ಟಿದರು. ಆ ತುದಿ ಚೇಂಬರಿನ ಕಡೆ ಬರುವ ಹಾಗೆ ಪಟ್ಟಿಯನ್ನು ಪೈಪಿನ ಮೇಲಿಟ್ಟು, ಅದರ ಮೇಲೆ ರಸಮಟ್ಟ ಇಟ್ಟರು. ಗುಳ್ಳೆ ನಡುವೆ ನಿಂತರೆ ಇಳಿಜಾರು ಸರಿ. ಪೈಪಿನುದ್ದಕ್ಕೂ ಮೂರು ಕಡೆ ಹಾಗೆ ನೋಡಿದರು, ಯಾಕೆಂದರೆ ಎರಡು ತುದಿ ಸರಿಯಿದ್ದು ನಡುವೆ ಪೈಪ್ ಜೋತುಬಿದ್ದರೆ ಅಲ್ಲೇ ಕೊಳೆ ಕೂರುತ್ತದೆ. ಅಡಿಗೆ ಮಣ್ಣು ಗಟ್ಟಿಯಾಗಿ ದಮಾಸು ಮಾಡಿ, ಮುಚ್ಚುವ ಮೊದಲೇ ಒಂದು ಬಕೆಟ್ ನೀರು ಸುರಿದು ಚೇಂಬರಿನ ಹತ್ತಿರ ನಿಂತು ನೋಡಿದೆವು.

ಎಸ್ ಟ್ರ್ಯಾಪ್ ಕಮೋಡಿಗೆ ಗೋಡೆಯಿಂದ ಪೈಪಿನ ನಡುವಿನವರೆಗಿನ ಅಳತೆ ಮುಖ್ಯ. ಅದನ್ನು ಇಟ್ಟಿಗೆ ಗೋಡೆಯಿಂದಲ್ಲ, ಟೈಲ್ಸ್ ಹಾಕಿ ಮುಗಿದ ಗೋಡೆಯಿಂದ ಅಳೆಯಬೇಕು. ನಮ್ಮದು 9 ಇಂಚಿನದು. ಅಂಗಡಿಯಲ್ಲಿ 4 ಇಂಚಿನದು, 12 ಇಂಚಿನದು ಕೂಡ ಸಿಗುತ್ತವೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಪೈಪ್ ಗೋಡೆಯಿಂದ ಹೊರಗೆ ಬಂದಿದ್ದರೆ ಅದಕ್ಕೆ ಪಿ ಟ್ರ್ಯಾಪ್ ಕಮೋಡೇ ಬೇಕು.

ಅಲ್ಲಾಡುತ್ತಿದ್ದದ್ದಕ್ಕೆ ಕಾರಣ ಬೇರೆ. ಮೊದಲಿನವರು ಸ್ಕ್ರೂ ಹಾಕಿರಲೇ ಇಲ್ಲ, ಕೆಳಗೆ ಬಿಳಿ ಸಿಮೆಂಟ್ ಮೆತ್ತಿ ಕೂರಿಸಿದ್ದರು. ಅದು ಬಿರುಕು ಬಿಟ್ಟ ಮೇಲೆ ಹಿಡಿತ ಹೋಯಿತು. ಇವರು ಕಮೋಡನ್ನು ಸುಮ್ಮನೆ ಜಾಗದಲ್ಲಿಟ್ಟು, ಸುತ್ತಲೂ ಪೆನ್ಸಿಲ್ ಗೆರೆ ಎಳೆದು, ಸ್ಕ್ರೂ ತೂತುಗಳ ಗುರುತು ಮಾಡಿ ಎತ್ತಿದರು. ಟೈಲ್ಸ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಆಫ್ ಇಟ್ಟುಕೊಂಡೇ ತೂತು ಹಾಕಿದರು, ಇಲ್ಲದಿದ್ದರೆ ಟೈಲ್ಸ್ ಸೀಳುತ್ತದೆ. ಪೈಪಿಗೆ ರಬ್ಬರ್ ಕನೆಕ್ಟರ್ ಕೂರಿಸಿ, ಅದರ ತುಟಿಗೆ ಸೋಪಿನ ನೀರು ಸವರಿ, ಕಮೋಡನ್ನು ನೇರವಾಗಿ ಕೆಳಗೆ ಒತ್ತಿದರು. ನೈಲಾನ್ ಪ್ಲಗ್ಗಿಗೆ ತುಕ್ಕು ಹಿಡಿಯದ ಸ್ಕ್ರೂ, ತಲೆಯಡಿ ಪ್ಲಾಸ್ಟಿಕ್ ವಾಷರ್. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ಬಿಗಿ ಮಾಡುತ್ತಾ ಹೋದರು. ಅಲ್ಲಾಟ ನಿಂತ ಕೂಡಲೇ ಬಿಟ್ಟರು. ಇನ್ನೊಂದು ಸುತ್ತು ಜಾಸ್ತಿ ತಿರುಗಿಸಿದರೂ ಪಿಂಗಾಣಿ ಬಿರಿಯಬಹುದು.

ಆಮೇಲೆ ಸುತ್ತ ಸಿಲಿಕೋನ್. ಹಿಂಭಾಗದಲ್ಲಿ ಮಾತ್ರ ಎರಡು ಇಂಚು ಬಿಟ್ಟರು. ಯಾಕೆ ಅಂತ ಕೇಳಿದೆ. ಒಳಗಿನ ಜಾಯಿಂಟ್ ಸೋರಿದರೆ ನೀರು ಅಲ್ಲಿಂದ ಹೊರಗೆ ಬಂದು ನಮಗೆ ಗೊತ್ತಾಗಬೇಕಂತೆ. ಪೂರ್ತಿ ಮುಚ್ಚಿದರೆ ಟೈಲ್ಸ್ ಅಡಿಯಲ್ಲೇ ನೆನೆಯುತ್ತಾ ಇರುತ್ತದೆ. ಒಂದು ದಿನ ಬಳಸಬೇಡಿ ಅಂದರು. ಅಮ್ಮ ಆ ದಿನ ಪಕ್ಕದ ಮನೆಗೆ ಹೋಗಿಬಂದರು.

ಟ್ಯಾಂಕಿನ ಬಗ್ಗೆ ಹೇಳುವುದು ಕಡಿಮೆ. ಕನೆಕ್ಷನ್ ಪೈಪ್ ಸೇರಿಸುವ ಮೊದಲು ಆಂಗಲ್ ಕಾಕ್ ತೆರೆದು ಒಂದು ಬಕೆಟ್ ನೀರು ಹೊರಗೆ ಬಿಡಿ, ಲೈನಿನ ಮರಳು ವಾಲ್ವಿಗೆ ಸೇರುವುದು ತಪ್ಪುತ್ತದೆ. ನೀರಿನ ಮಟ್ಟ ಒಳಗಿನ ಓವರ್‌ಫ್ಲೋ ಕೊಳವೆಯ ಬಾಯಿಗಿಂತ ಒಂದು ಇಂಚು ಕೆಳಗಿರಲಿ. ನಮ್ಮದು 3 ಲೀಟರ್, 6 ಲೀಟರಿನ ಎರಡು ಬಟನ್ ಇರುವ ಟ್ಯಾಂಕ್. ಹಳೇ ಟ್ರ್ಯಾಪ್ ತೆಗೆದ ಮೇಲೆ 6 ಲೀಟರಿಗೆ ಒಂದೇ ಸಲಕ್ಕೆ ಎಲ್ಲ ಹೋಗುತ್ತಿದೆ.

ಐದು ವರ್ಷದಲ್ಲಿ ಬಂದ ರಿಪೇರಿ ಎರಡು. ಸೀಟಿನ ಹಿಂಜ್ ಒಮ್ಮೆ ಸಡಿಲವಾಯಿತು. ಮೂರನೇ ವರ್ಷ ಟ್ಯಾಂಕಿನಿಂದ ಬೇಸಿನ್ನಿಗೆ ನೀರು ಸದ್ದಿಲ್ಲದೆ ಜಿನುಗುತ್ತಿತ್ತು, ಮೇಲಿನ ತೊಟ್ಟಿ ಬೇಗ ಖಾಲಿಯಾಗುತ್ತಿದ್ದುದರಿಂದ ಅನುಮಾನ ಬಂತು. ಟ್ಯಾಂಕಿಗೆ ಚಿಟಿಕೆ ಕುಂಕುಮ ಕದಡಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟೆ. ಬೇಸಿನ್ನಿನ ನೀರು ಕೆಂಪಾಗಿತ್ತು. ನಮ್ಮ ಬೋರ್‌ವೆಲ್ ನೀರಿನ ಬಿಳಿ ಉಪ್ಪು ಕಟ್ಟಿ ಫ್ಲಶ್ ವಾಲ್ವಿನ ವಾಷರ್ ಒರಟಾಗಿಬಿಟ್ಟಿತ್ತು. ವಾಷರ್ ಬದಲಾಯಿಸಿದೆ, ನಿಂತಿತು. ಈಗ ಆರು ತಿಂಗಳಿಗೊಮ್ಮೆ ಅದನ್ನು ಬಿಚ್ಚಿ ವಿನೆಗರಿನಲ್ಲಿ ನೆನೆಸಿ ತೊಳೆಯುತ್ತೇನೆ.

ಹಿಂದೆ ಬಿಟ್ಟ ಆ ಎರಡು ಇಂಚಿನ ಜಾಗಕ್ಕೆ ಆಗಾಗ ಒಣ ಟಿಶ್ಯೂ ಪೇಪರ್ ಒತ್ತಿ ನೋಡುತ್ತೇನೆ. ಇಲ್ಲಿಯವರೆಗೆ ಒಮ್ಮೆಯೂ ಒದ್ದೆಯಾಗಿಲ್ಲ.