ಕರೆನ್ಸಿ ದುಡ್ಡು ಕಟ್ ಆಗಿ ರೀಚಾರ್ಜ್ ಆಗದಿದ್ದರೆ: ಪೇಮೆಂಟ್ ಆ್ಯಪ್, ಕಂಪನಿ ಆ್ಯಪ್, ಮೂಲೆ ಅಂಗಡಿ

ನಾನೀಗ ಕರೆನ್ಸಿ ಹಾಕುವುದು ಸಿಮ್ ಕಂಪನಿಯ ಸ್ವಂತ ಆ್ಯಪ್‌ನಲ್ಲೇ. ಮೊದಲು ಯುಪಿಐ ಪೇಮೆಂಟ್ ಆ್ಯಪ್‌ನಲ್ಲಿ ಹಾಕುತ್ತಿದ್ದೆ, ಅಂಗಡಿಯಲ್ಲೂ ಹಾಕಿಸಿದ್ದುಂಟು. ಎಲ್ಲ ಸರಿ ಇದ್ದಾಗ ಮೂರೂ ಒಂದೇ. ದುಡ್ಡು ಹೋಗಿ ಪ್ಲ್ಯಾನ್ ಬರದಿದ್ದಾಗ ಬಣ್ಣ ಬಯಲಾಗುತ್ತದೆ.

ಅಮ್ಮನ ನಂಬರಿಗೆ ಪೇಮೆಂಟ್ ಆ್ಯಪ್‌ನಿಂದ 299 ರೂಪಾಯಿ ಹಾಕಿದೆ. ಬ್ಯಾಂಕ್ ಮೆಸೇಜ್ ಬಂತು, ಆ್ಯಪ್‌ನಲ್ಲಿ ಹಸಿರು ಟಿಕ್ಕೂ ಬಿತ್ತು. ಅಮ್ಮನ ಫೋನಿಗೆ ಮಾತ್ರ ಏನೂ ಬರಲಿಲ್ಲ. ಅವರ ಫೋನಿಂದಲೇ ಸಿಮ್ ಕಂಪನಿಯ ದೂರು ಸಂಖ್ಯೆ 198ಕ್ಕೆ ಕರೆ ಮಾಡಿ, ಬ್ಯಾಂಕ್ ಕೊಟ್ಟ 12 ಅಂಕಿಯ ಯುಟಿಆರ್ ಓದಿದೆ. "ಈ ನಂಬರಲ್ಲಿ ನಮಗೇನೂ ಕಾಣ್ತಿಲ್ಲ ಸರ್, ಆ್ಯಪ್‌ನವರನ್ನೇ ಕೇಳಿ." ಆ್ಯಪ್‌ನವರು, "ನಮ್ಮಲ್ಲಿ ಸಕ್ಸಸ್ ಅಂತಿದೆ, ಆಪರೇಟರನ್ನ ಕೇಳಿ." ಸುಮ್ನೆ ಆ ಕಡೆ ಈ ಕಡೆ ಓಡಾಟ.

ಆಗಿದ್ದಿಷ್ಟು. ಯುಟಿಆರ್ ನಮ್ಮ ಬ್ಯಾಂಕಿನಿಂದ ಆ್ಯಪ್‌ಗೆ ದುಡ್ಡು ಹೋದದ್ದರ ಗುರುತು. ಆಮೇಲೆ ಆ್ಯಪ್‌ನವರು ಸಿಮ್ ಕಂಪನಿಗೆ ಬೇರೆಯೇ ಆರ್ಡರ್ ಕಳಿಸುತ್ತಾರೆ, ಅದಕ್ಕೆ ಆಪರೇಟರ್ ರೆಫರೆನ್ಸ್ ನಂಬರ್ ಅಂತ ಬೇರೆ ನಂಬರ್ ಇರುತ್ತದೆ. ನನ್ನ ರಸೀದಿಯ ತೀರಾ ಕೆಳಗೆ ಅದು ಇತ್ತು. ಅದನ್ನು ಹೇಳಿದ ಕೂಡಲೇ 198ರವರಿಗೆ ಆರ್ಡರ್ ಸಿಕ್ಕಿತು, ಅವರ ಕಡೆ ಫೇಲ್ ಆಗಿತ್ತು. ದೂರು ದಾಖಲಿಸಿಕೊಂಡು ಡಾಕೆಟ್ ನಂಬರ್ ಮೆಸೇಜ್ ಮಾಡಿದರು. ಆ ನಂಬರ್ ಹಾಕಿ ಆ್ಯಪ್‌ನ ಸಹಾಯ ವಿಭಾಗಕ್ಕೆ ಬರೆದ ಮೇಲೆಯೇ ದುಡ್ಡು ವಾಪಸ್ ಬಂದಿದ್ದು.

ಇಲ್ಲಿ ಬ್ಯಾಂಕಿಗೆ ಹೋಗಿಯೂ ಪ್ರಯೋಜನ ಕಡಿಮೆ. ಯುಪಿಐನಲ್ಲಿ ದುಡ್ಡು ಕಟ್ ಆಗಿ ವ್ಯಾಪಾರಿಗೆ ಖಾತ್ರಿ ತಲುಪದಿದ್ದರೆ 5 ದಿನದೊಳಗೆ ವಾಪಸ್ ಮಾಡಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಕೊಡಬೇಕು ಅನ್ನುವ ಆರ್‌ಬಿಐ ನಿಯಮ ಇದೆ ನಿಜ. ಆದರೆ ಆ್ಯಪ್‌ಗೆ ದುಡ್ಡು ಸೇರಿದ್ದರೆ ಬ್ಯಾಂಕಿನ ಪಾಲಿಗೆ ವ್ಯವಹಾರ ಮುಗಿದಂತೆ, ಅಲ್ವಾ?

ಕಂಪನಿ ಆ್ಯಪ್‌ನಲ್ಲೂ ಒಮ್ಮೆ ಹೀಗೇ ಆಯ್ತು. ದುಡ್ಡು ಕಟ್ ಆಗಿ ಪರದೆ ಅಲ್ಲೇ ನಿಂತಿತು. ಆದರೆ ದುಡ್ಡು ನೇರವಾಗಿ ಅವರಿಗೇ ಹೋಗಿದ್ದರಿಂದ ಯುಟಿಆರ್ ಹೇಳಿದ್ದೇ ಸಾಕಾಯಿತು. ಬೇರೆಯವರ ಮೇಲೆ ಹಾಕಲು ಅವರಿಗೆ ದಾರಿಯೇ ಇರಲಿಲ್ಲ. ಸಂಜೆಗೆ ಪ್ಲ್ಯಾನ್ ಬಂತು. ಬಗೆಹರಿಯದಿದ್ದರೆ ಡಾಕೆಟ್ ನಂಬರ್ ಹಿಡಿದು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಅಪೀಲ್ ಹಾಕಬಹುದು, ಅದಕ್ಕೆ ದುಡ್ಡು ಕಟ್ಟಬೇಕಿಲ್ಲ. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ಗೆ ಬರೆದರೆ ಅವರು ಒಬ್ಬೊಬ್ಬರ ದೂರನ್ನು ತಾವೇ ಬಗೆಹರಿಸುವುದಿಲ್ಲ.

ಕಂಪನಿ ಆ್ಯಪ್‌ನ ಕಿರಿಕಿರಿ ಅಂದರೆ ಜಾಹೀರಾತು ಜಾಸ್ತಿ. ಮನೆಯಲ್ಲಿ ಮೂರು ಕಂಪನಿ ಸಿಮ್ ಇದ್ದರೆ ಮೂರು ಆ್ಯಪ್ ಬೇಕು.

ಅಂಗಡಿಯಲ್ಲಿ ನಗದು ಕೊಟ್ಟರೆ ನಮ್ಮ ಕೈಲಿ ಯಾವ ನಂಬರೂ ಇರಲ್ಲ. ಪರಿಚಯದ ಅಂಗಡಿಯವರಾದರೆ ತಾವೇ ನೋಡಿ ದುಡ್ಡು ಕೊಟ್ಟುಬಿಡುತ್ತಾರೆ. ಅಪ್ಪ ಈಗಲೂ ಅಲ್ಲೇ ಹಾಕಿಸುತ್ತಾರೆ, ನಾನು ಬೇಡ ಅನ್ನಲ್ಲ. ನನಗೆ ತಿಂಗಳ ಬಜೆಟ್‌ನಲ್ಲಿ ಇನ್ನೊಂದು 299 ಎತ್ತಿಡುವಷ್ಟು ಸಲೀಸಿಲ್ಲ. ಹಾಗಾಗಿ ಪೇಮೆಂಟ್ ಆ್ಯಪ್‌ನ ಐದು ರೂಪಾಯಿ ಕ್ಯಾಶ್‌ಬ್ಯಾಕ್ ಹೋದರೂ ಪರವಾಗಿಲ್ಲ, ಕಂಪನಿ ಆ್ಯಪ್ಪೇ ಸೈ.